ಲಾಭಾಂಶ ಮತ್ತು ಬೋನಸ್ ಷೇರು: ಬ್ರೋಕರ್ ಪಟ್ಟಿಯ ಎರಡು ಪದಗಳು

(ಸಂಸ್ಥೆಯ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಷೇರು ಕೊಂಡವರ ಕೈಗೆ ಬ್ರೋಕರ್ ಸಂಸ್ಥೆಯಿಂದ ಆಗಾಗ ಒಂದು ಲೆಕ್ಕದ ಪಟ್ಟಿ ಬರುತ್ತದೆ. ಅದರಲ್ಲಿ ಡಿವಿಡೆಂಡ್ ಮತ್ತು ಬೋನಸ್ ಎಂಬ ಎರಡು ಪದಗಳು ಕಾಣಿಸುತ್ತವೆ. ಎರಡನ್ನೂ ನೋಡಿ "ಕಂಪನಿ ನಮಗೆ ಏನೋ ಕೊಟ್ಟಿದೆ" ಎಂದು ನಾವು ಸಂತೋಷಪಡುತ್ತೇವೆ. ಆದರೆ ಈ ಎರಡು ಪದಗಳು ಹೇಳುವ ವಿಷಯ ಬೇರೆ ಬೇರೆ. ಒಂದರಲ್ಲಿ ಕಂಪನಿಯ ಹಣ ನಮ್ಮ ಬ್ಯಾಂಕಿಗೆ ಬರುತ್ತದೆ. ಇನ್ನೊಂದರಲ್ಲಿ ಒಂದು ಪೈಸೆಯೂ ಕಂಪನಿಯಿಂದ ಹೊರಗೆ ಹೋಗುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಷೇರು ಮಾರಿದರೆ ತೆರಿಗೆಯ ಲೆಕ್ಕದಲ್ಲಿ ನಿಜವಾದ ನಷ್ಟವಾಗುತ್ತದೆ. ಅದನ್ನು ಒಂದು ಉದಾಹರಣೆಯ ಮೂಲಕ ವಿವರಿಸುತ್ತೇನೆ.

ನಮ್ಮ ಬೆಂಗಳೂರಿನ ವಿಪ್ರೋ ಕಂಪನಿಯನ್ನೇ ತೆಗೆದುಕೊಳ್ಳೋಣ. ಈ ಷೇರನ್ನು ಕೊಳ್ಳಿರಿ ಎಂದಾಗಲಿ, ಮಾರಿರಿ ಎಂದಾಗಲಿ ನಾನು ಹೇಳುತ್ತಿಲ್ಲ. ಎರಡು ತಿಂಗಳೊಳಗೆ ಈ ಕಂಪನಿ ಬೋನಸ್ಸನ್ನೂ ಲಾಭಾಂಶವನ್ನೂ ಕೊಟ್ಟದ್ದರಿಂದ ಉದಾಹರಣೆಗೆ ಅನುಕೂಲ, ಅಷ್ಟೇ. 2024ರ ಡಿಸೆಂಬರ್ 3ನ್ನು ದಾಖಲೆಯ ದಿನವೆಂದು ಗೊತ್ತುಮಾಡಿ ಕಂಪನಿಯು ಒಂದಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಿತು. ಮುಂದೆ 2025ರ ಜನವರಿಯಲ್ಲಿ ಪ್ರತಿ ಷೇರಿಗೆ 6 ರೂಪಾಯಿ ಮಧ್ಯಂತರ ಲಾಭಾಂಶ ಘೋಷಿಸಿತು.

ಮೊದಲು ಬೋನಸ್ಸಿನ ವಿಷಯ. ಕಂಪನಿಯು ವರ್ಷ ವರ್ಷವೂ ಗಳಿಸಿದ ಲಾಭವನ್ನೆಲ್ಲ ಹಂಚುವುದಿಲ್ಲ. ಒಂದು ಭಾಗವನ್ನು ಮೀಸಲು ನಿಧಿಯಲ್ಲಿ ಇಡುತ್ತದೆ. ಬೋನಸ್ ಕೊಡುವಾಗ ಆ ಮೀಸಲು ನಿಧಿಯಿಂದ ಒಂದು ಮೊತ್ತವನ್ನು ಷೇರು ಬಂಡವಾಳದ ಖಾತೆಗೆ ವರ್ಗಾಯಿಸುತ್ತದೆ. ವಿಪ್ರೋ ಷೇರಿನ ಮುಖಬೆಲೆ 2 ರೂಪಾಯಿ. ಆ ಡಿಸೆಂಬರಿನಲ್ಲಿ ಸುಮಾರು 1,046 ಕೋಟಿ ರೂಪಾಯಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಯಿತು. ಕಂಪನಿಯ ಪೆಟ್ಟಿಗೆಯಲ್ಲಿದ್ದ ನಗದು ಇದ್ದ ಹಾಗೆಯೇ ಇತ್ತು. ಷೇರುಗಳ ಸಂಖ್ಯೆ ಎರಡು ಪಟ್ಟಾಯಿತು, ಆಸ್ತಿ ಹೆಚ್ಚಾಗಲಿಲ್ಲ. ಆದ್ದರಿಂದ ಒಂದು ಷೇರಿನ ಪೇಟೆ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ 580 ರೂಪಾಯಿಗಳ ಆಸುಪಾಸಿನಲ್ಲಿದ್ದದ್ದು 290ರ ಆಸುಪಾಸಿಗೆ ಬಂತು. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡುವ ಬದಲು ಎಂಟು ತುಂಡು ಮಾಡಿದರೆ ರೊಟ್ಟಿ ದೊಡ್ಡದಾಗುವುದಿಲ್ಲ, ಅಲ್ಲವೇ?

ಇಲ್ಲಿಯೇ ಮೊದಲ ಗಾಬರಿ ಹುಟ್ಟುತ್ತದೆ. ದಾಖಲೆಯ ದಿನ ಬೆಳಿಗ್ಗೆ ಪಟ್ಟಿಯನ್ನು ನೋಡಿದವರಿಗೆ 100 ಷೇರುಗಳೇ ಕಾಣುತ್ತವೆ, ಬೆಲೆ ಮಾತ್ರ ಅರ್ಧವಾಗಿರುತ್ತದೆ. ಅರ್ಧ ಹಣ ಮುಳುಗಿತೆಂದು ಹೆದರಿ ಮಾರಿಬಿಡುವವರೂ ಉಂಟು. ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಜಮೆಯಾಗಲು ಸ್ವಲ್ಪ ಸಮಯ ಬೇಕು. ಹಿಂದೆ ಇದಕ್ಕೆ ಎರಡು ವಾರವೂ ಹಿಡಿಯುತ್ತಿತ್ತು. 2024ರ ಅಕ್ಟೋಬರ್ 1ರಿಂದ ಸೆಬಿ ತಂದ ನಿಯಮದಂತೆ, ದಾಖಲೆಯ ದಿನದ ನಂತರದ ಎರಡನೆಯ ಕೆಲಸದ ದಿನವೇ ಬೋನಸ್ ಷೇರುಗಳು ವಹಿವಾಟಿಗೆ ಸಿದ್ಧವಾಗಬೇಕು. ಅಷ್ಟು ದಿನ ತಾಳಿದರೆ ಪಟ್ಟಿಯಲ್ಲಿ 100ರ ಜಾಗದಲ್ಲಿ 200 ಕಾಣುತ್ತದೆ.

ಇನ್ನು ಲಾಭಾಂಶ. ಇದು ನಿಜವಾದ ಹಣ. 200 ಷೇರು ಇದ್ದವರಿಗೆ 6 ರೂಪಾಯಿಯಂತೆ 1,200 ರೂಪಾಯಿ ಬಂತು. ಆದರೆ ಆ ಹಣ ಬರುವುದು ಬ್ರೋಕರ್ ಬಳಿ ಇರುವ ಖಾತೆಗಲ್ಲ, ಡಿಮ್ಯಾಟ್ ಖಾತೆಗೆ ಜೋಡಿಸಿದ ನಿಮ್ಮ ಬ್ಯಾಂಕ್ ಖಾತೆಗೆ. ಬ್ರೋಕರ್ ಪಟ್ಟಿಯಲ್ಲಿ ಡಿವಿಡೆಂಡ್ ಎಂದು ಕಾಣುವ ಮೊತ್ತ ಹೆಚ್ಚಾಗಿ ಷೇರುಗಳ ಸಂಖ್ಯೆಯಿಂದ ಹಾಕಿದ ಲೆಕ್ಕ ಮಾತ್ರ. ಹಣ ಬಂದಿದೆಯೇ ಎಂಬುದಕ್ಕೆ ಸಾಕ್ಷಿ ಬ್ಯಾಂಕಿನ ಪಾಸ್‌ಬುಕ್.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಮಾತಿದೆ. ಲಾಭಾಂಶವನ್ನು ಕೆಲವೊಮ್ಮೆ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. 2 ರೂಪಾಯಿ ಮುಖಬೆಲೆಯ ಮೇಲೆ 6 ರೂಪಾಯಿ ಎಂದರೆ ಶೇಕಡಾ 300. ಇದನ್ನು ಓದಿ ಮೂರು ಪಟ್ಟು ಲಾಭ ಬಂತೆಂದು ತಿಳಿಯಬಾರದು. ಸುಮಾರು 300 ರೂಪಾಯಿ ಬೆಲೆಯ ಷೇರಿಗೆ 6 ರೂಪಾಯಿ ಎಂದರೆ ಶೇಕಡಾ 2 ಮಾತ್ರ. ಲಾಭಾಂಶ ಕೊಟ್ಟಾಗಲೂ ಅಷ್ಟು ಹಣ ಕಂಪನಿಯಿಂದ ಹೊರಗೆ ಹೋಗುವುದರಿಂದ ಷೇರಿನ ಬೆಲೆ ಸಾಮಾನ್ಯವಾಗಿ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಶೇಕಡಾ ಒಂದೆರಡರ ಇಳಿತ ಪೇಟೆಯ ನಿತ್ಯದ ಏರಿಳಿತದಲ್ಲಿ ಕಾಣದೆ ಹೋಗುತ್ತದೆ.

ಇವೆರಡೂ ಬೇರೆ ಎಂಬುದನ್ನು ಕಾನೂನೇ ಹೇಳಿದೆ. 2013ರ ಕಂಪನಿ ಕಾಯ್ದೆಯ 63ನೇ ಕಲಮಿನ ಪ್ರಕಾರ, ಲಾಭಾಂಶಕ್ಕೆ ಬದಲಾಗಿ ಬೋನಸ್ ಷೇರು ಕೊಡುವಂತಿಲ್ಲ.

ಎರಡನ್ನೂ ಗೊಂದಲ ಮಾಡಿಕೊಳ್ಳುವ ಒಂದು ಸಂದರ್ಭವೂ ಇದೆ. 2019ರ ಮಾರ್ಚಿನಲ್ಲಿ ಇದೇ ಕಂಪನಿ ಮೂರು ಷೇರಿಗೆ ಒಂದರಂತೆ ಬೋನಸ್ ಕೊಟ್ಟಿತು. 100 ಷೇರು ಇದ್ದವರಿಗೆ 33 ಷೇರು ಬಂದು, ಒಂದರ ಮೂರನೆಯ ಒಂದು ಭಾಗ ಉಳಿಯುತ್ತದೆ. ಅಂಥ ತುಂಡುಗಳನ್ನೆಲ್ಲ ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಷೇರುದಾರರ ಬ್ಯಾಂಕಿಗೆ ಹಾಕುತ್ತಾರೆ. ಪಾಸ್‌ಬುಕ್ಕಿನಲ್ಲಿ ಕಂಪನಿಯ ಹೆಸರಿನಲ್ಲಿ ಬಂದ ಈ ಚಿಲ್ಲರೆ ಮೊತ್ತ ಲಾಭಾಂಶವಲ್ಲ. ಅದು ಷೇರಿನ ತುಂಡು ಮಾರಿ ಬಂದ ಹಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅದು ತೆರಿಗೆ. 2020ರ ಏಪ್ರಿಲ್ 1ರಿಂದ ಲಾಭಾಂಶವು ಪಡೆದವರ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ ಬರುವ ಲಾಭಾಂಶ ಒಂದು ಮಿತಿಯನ್ನು ಮೀರಿದರೆ ಕಂಪನಿಯೇ ಶೇಕಡಾ 10 ಹಿಡಿದುಕೊಂಡು ಉಳಿದದ್ದನ್ನು ಕಳುಹಿಸುತ್ತದೆ. ಈ ಮಿತಿ 5,000 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 10,000 ಆಗಿದೆ. ಬ್ರೋಕರ್ ಪಟ್ಟಿಯ ಮೊತ್ತಕ್ಕಿಂತ ಬ್ಯಾಂಕಿಗೆ ಬಂದ ಮೊತ್ತ ಕಡಿಮೆಯಿದ್ದರೆ ಮೊದಲು ಇದನ್ನು ನೋಡಬೇಕು. ಹಿಡಿದ ತೆರಿಗೆ ಎಲ್ಲಿಯೂ ಕಳೆದುಹೋಗುವುದಿಲ್ಲ. ರಿಟರ್ನ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸು ಪಡೆಯಬಹುದು.

ಬೋನಸ್ ಷೇರು ಬಂದ ದಿನ ತೆರಿಗೆ ಇಲ್ಲ, ಅದನ್ನು ಮಾರಿದ ದಿನ ಲೆಕ್ಕ ಬರುತ್ತದೆ. ಇಲ್ಲಿ ಎರಡು ನಿಯಮಗಳಿವೆ. ಬೋನಸ್ ಷೇರಿನ ಅಸಲು ಬೆಲೆ ಸೊನ್ನೆ. ಅದರ ವಯಸ್ಸು ಎಣಿಸುವುದು ಅದು ಹಂಚಿಕೆಯಾದ ದಿನದಿಂದ, ಮೂಲ ಷೇರು ಕೊಂಡ ದಿನದಿಂದಲ್ಲ. ಡಿಮ್ಯಾಟ್ ಖಾತೆಯಿಂದ ಮಾರುವಾಗ ಮೊದಲು ಬಂದ ಷೇರು ಮೊದಲು ಹೋಯಿತೆಂದೇ ಹಿಡಿಯಲಾಗುತ್ತದೆ.

ಒಬ್ಬರು 2022ರಲ್ಲಿ 400 ರೂಪಾಯಿಯಂತೆ 100 ಷೇರು ಕೊಂಡರು ಎಂದಿಟ್ಟುಕೊಳ್ಳಿ. ಹಾಕಿದ ಹಣ 40,000. ಬೋನಸ್ ಬಂದ ಮೇಲೆ ಬ್ರೋಕರ್ ಪಟ್ಟಿ "200 ಷೇರು, ಸರಾಸರಿ ಬೆಲೆ 200" ಎಂದು ತೋರಿಸುತ್ತದೆ. ಅವರು 2025ರ ಮಾರ್ಚಿನಲ್ಲಿ 280ರಂತೆ ಎಲ್ಲವನ್ನೂ ಮಾರಿದರೆ ಕೈಗೆ 56,000 ಬರುತ್ತದೆ. ಪಟ್ಟಿಯ ಪ್ರಕಾರ ಲಾಭ 16,000. ಮೊದಲ ನೋಟಕ್ಕೆ ಇದು ಮೂರು ವರ್ಷದ ಹಳೆಯ ಷೇರು, ದೀರ್ಘಾವಧಿಯ ಲಾಭ, 1,25,000ದ ವಿನಾಯಿತಿಯ ಒಳಗೇ ಇದೆ, ತೆರಿಗೆ ಇಲ್ಲ ಎನ್ನಿಸುತ್ತದೆ.

ತೆರಿಗೆ ಇಲಾಖೆಯ ಲೆಕ್ಕ ಹಾಗಿಲ್ಲ. ಮೊದಲ 100 ಷೇರುಗಳ ಅಸಲು 400, ಮಾರಿದ್ದು 280. ಅಲ್ಲಿ 12,000 ದೀರ್ಘಾವಧಿಯ ನಷ್ಟ. ಬೋನಸ್ಸಿನ 100 ಷೇರುಗಳ ಅಸಲು ಸೊನ್ನೆ, ಮಾರಿದ್ದು 280. ಅಲ್ಲಿ 28,000 ಲಾಭ. ಆ ಷೇರುಗಳಿಗೆ ಇನ್ನೂ ನಾಲ್ಕು ತಿಂಗಳೂ ತುಂಬಿಲ್ಲವಾದ್ದರಿಂದ ಅದು ಅಲ್ಪಾವಧಿಯ ಲಾಭ, ತೆರಿಗೆ ಶೇಕಡಾ 20. ದೀರ್ಘಾವಧಿಯ ನಷ್ಟವನ್ನು ಅಲ್ಪಾವಧಿಯ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಹೀಗಾಗಿ ತೆರಿಗೆಯ ಮಟ್ಟದಲ್ಲಿ ಆದಾಯವಿರುವವರು 28,000ದ ಮೇಲೆ 5,600 ರೂಪಾಯಿ, ಮೇಲೆ ಸೆಸ್ಸನ್ನೂ ಕಟ್ಟಬೇಕಾಗುತ್ತದೆ. ನಿಜವಾಗಿ ಗಳಿಸಿದ್ದು 16,000 ಮಾತ್ರ!

ಅವರು ಮೊದಲ 100ನ್ನು ಮಾತ್ರ ಮಾರಿ, ಬೋನಸ್ ಷೇರುಗಳಿಗೆ 12 ತಿಂಗಳು ತುಂಬಿದ ಮೇಲೆ ಉಳಿದದ್ದನ್ನು ಮಾರಿದ್ದರೆ ಅದೂ ದೀರ್ಘಾವಧಿಗೆ ಸೇರುತ್ತಿತ್ತು. ಬೇರೆ ದೊಡ್ಡ ಲಾಭವಿಲ್ಲದಿದ್ದರೆ ವಿನಾಯಿತಿಯೊಳಗೇ ನಿಲ್ಲುತ್ತಿತ್ತು. ಆ ಒಂಬತ್ತು ತಿಂಗಳಲ್ಲಿ ಬೆಲೆ ಏರಬಹುದು, ಇಳಿಯಲೂಬಹುದು, ಆ ಅಪಾಯ ಇದ್ದೇ ಇದೆ. ಆದರೆ ಕಾಯಬೇಕೋ ಬೇಡವೋ ಎಂದು ತೀರ್ಮಾನಿಸಲು ಲೆಕ್ಕವಾದರೂ ಗೊತ್ತಿರಬೇಕು. ಮನೆಯಲ್ಲಿ ಹಳೆಯ ಬೋನಸ್ ಷೇರುಗಳಿದ್ದರೆ ಇನ್ನೊಂದು ಮಾತು. 2018ರ ಜನವರಿ 31 ಅಥವಾ ಅದಕ್ಕೆ ಮೊದಲು ಬಂದ ಷೇರುಗಳಿಗೆ ಅಸಲು ಸೊನ್ನೆಯಲ್ಲ. ಆ ದಿನದ ಪೇಟೆ ಬೆಲೆ ಅಥವಾ ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಅಸಲೆಂದು ಹಿಡಿಯಬಹುದು. ಆದ್ದರಿಂದ ಬೋನಸ್ ಬಂದ ದಿನಾಂಕವಿರುವ ಪಟ್ಟಿಯನ್ನು ಎಸೆಯದೆ ಜೋಪಾನವಾಗಿಡಿ. ಸರಾಸರಿ ಬೆಲೆಯ ಅಂಕಣದಿಂದ ಆ ದಿನಾಂಕ ತಿಳಿಯುವುದಿಲ್ಲ.

ಕೊನೆಯದಾಗಿ, ಹಿರಿಯರ ಹೆಸರಿನಲ್ಲಿ ಷೇರುಗಳಿರುವ ಮನೆಗಳವರಿಗೆ ಒಂದು ಎಚ್ಚರಿಕೆ. ಬ್ಯಾಂಕ್ ಖಾತೆ ಮುಚ್ಚಿದ್ದರೆ ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಬರುತ್ತಲೇ ಇರುತ್ತದೆ, ಪಟ್ಟಿ ನೋಡಿದರೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದೆ. ಆದರೆ ಲಾಭಾಂಶ ಮಾತ್ರ ವಾಪಸು ಹೋಗುತ್ತಿರುತ್ತದೆ. ಏಳು ವರ್ಷ ಯಾರೂ ಕೇಳದೆ ಉಳಿದ ಲಾಭಾಂಶವು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಹೀಗಾದರೆ ಆ ಷೇರುಗಳೇ ಆ ನಿಧಿಗೆ ವರ್ಗವಾಗುತ್ತವೆ. ಮರಳಿ ಪಡೆಯಲು ದಾರಿ ಇದೆ, ಆದರೆ ಅರ್ಜಿ, ದಾಖಲೆ, ಓಡಾಟ ಬಹಳ. ಅದಕ್ಕಿಂತ ಈ ವಾರ ಮನೆಗೆ ಹೋಗಿ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸುಲಭ. ಬೋನಸ್ಸನ್ನು ಡಿಮ್ಯಾಟ್ ಪಟ್ಟಿಯಲ್ಲಿ ಹುಡುಕಿ, ಲಾಭಾಂಶವನ್ನು ಪಾಸ್‌ಬುಕ್ಕಿನಲ್ಲಿ ಹುಡುಕಿ. ಪಟ್ಟಿಯಲ್ಲಿ ಷೇರು ಇದ್ದು, ಕಂಪನಿ ಲಾಭಾಂಶ ಕೊಟ್ಟಿದ್ದೂ ಪಾಸ್‌ಬುಕ್ಕಿನಲ್ಲಿ ಅದು ಕಾಣದಿದ್ದರೆ, ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ವಿವರವನ್ನು ತಡಮಾಡದೆ ಸರಿಪಡಿಸಿಕೊಳ್ಳಿ.