ಎಕೋದಲ್ಲಿ 60 ಬಂದ್ರೆ ಫಸ್ಟ್ ಕ್ಲಾಸಾ?

ನಾನು ಮೈಸೂರಲ್ಲಿ ಹೃದ್ರೋಗದ ಡಾಕ್ಟರ್. ಊರು ನಂಜನಗೂಡು ತಾಲ್ಲೂಕಿನ ಹೆಡತಲೆ, ಲಕ್ಷ್ಮೀಕಾಂತನ ದೇವಸ್ಥಾನ ಇರೋ ಊರು. ಹಾಗಾಗಿ ನಮ್ಮ ಕಡೆಯವರು ಯಾರಾದ್ರೂ ಮೈಸೂರಿಗೆ ಬಂದು ಎಕೋ ಮಾಡಿಸಿದ್ರೆ, ಆ ರಿಪೋರ್ಟಿನ ಫೋಟೋ ಸಾಮಾನ್ಯವಾಗಿ ನನ್ನ ಫೋನಿಗೂ ಒಂದು ಬರುತ್ತೆ. ಕಳಿಸೋದು ಮನೆಯ ಹುಡುಗರು. ಜೊತೆಗೆ ಒಂದೇ ಪ್ರಶ್ನೆ: "ಅಕ್ಕಾ, ಇಎಫ್ ಇಷ್ಟಿದೆ, ಪರವಾಗಿಲ್ವಾ?"

ಇವತ್ತು ಆ ಒಂದು ಸಂಖ್ಯೆ ಬಗ್ಗೆ ಮಾತಾಡೋಣ. ರಿಪೋರ್ಟಲ್ಲಿ LVEF ಅಂತ ಬರೆದು ಮುಂದೆ ಶೇಕಡಾ ಹಾಕಿರ್ತಾರಲ್ಲ, ಅದು.

ಎರಡು ಉದಾಹರಣೆ ಕೊಡ್ತೀನಿ. ಗುರುತು ಸಿಗದ ಹಾಗೆ ಬದಲಿಸಿದ್ದೀನಿ, ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನ ದುಂಡು ಮಾಡಿದ್ದೀನಿ. ಒಬ್ಬರು ದೊಡ್ಡಪ್ಪ, 58 ವರ್ಷ, ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಇಎಫ್ 30. ಇನ್ನೊಬ್ಬರು ಅಜ್ಜಿ, 68 ವರ್ಷ, ಇಪ್ಪತ್ತು ವರ್ಷದಿಂದ ಬಿಪಿ, ಹತ್ತು ವರ್ಷದಿಂದ ಶುಗರ್. ಮನೆಯಿಂದ ದೇವಸ್ಥಾನಕ್ಕೆ ಹೋಗೋಷ್ಟರಲ್ಲಿ ಎರಡು ಕಡೆ ಕೂತ್ಕೋಬೇಕು, ರಾತ್ರಿ ಎರಡು ದಿಂಬು ಇಟ್ಟುಕೊಂಡ್ರೇ ನಿದ್ದೆ, ಸಂಜೆ ಆದ್ರೆ ಕಾಲು ಊತ. ಇಎಫ್ 60. ಅವರ ಮೊಮ್ಮಗ ಹೇಳಿದ್ದು: "ಅಜ್ಜಿದು 60 ಅಂತೆ, ಫಸ್ಟ್ ಕ್ಲಾಸ್. ಹಾರ್ಟಲ್ಲಿ ಏನೂ ಇಲ್ಲ, ವಯಸ್ಸಾಯ್ತು ಅಷ್ಟೆ."

ತಪ್ಪು ಆಗೋದು ಇಲ್ಲೇ. ನಾವು ಶೇಕಡಾ ನೋಡಿದ ತಕ್ಷಣ ಪರೀಕ್ಷೆಯ ಮಾರ್ಕ್ಸ್ ಅಂದ್ಕೋತೀವಿ: 35 ಪಾಸು, 60 ಫಸ್ಟ್ ಕ್ಲಾಸು, 100 ಬಂದ್ರೆ ರ‍್ಯಾಂಕು. ಆದ್ರೆ ಇಎಫ್ ನೂರಕ್ಕೆ ಎಷ್ಟು ಅಂಕ ಅನ್ನೋ ಲೆಕ್ಕವೇ ಅಲ್ಲ. ಆರೋಗ್ಯವಂತರಲ್ಲೂ ಅದು ಸುಮಾರು 52ರಿಂದ 74ರ ಒಳಗೇ ಇರುತ್ತೆ. 100 ಯಾರಿಗೂ ಬರಲ್ಲ, ಬರಲೂಬಾರದು.

ಹಾಗಾದ್ರೆ ಅದು ಏನು? ಹೃದಯದ ಎಡ ಕೆಳ ಕೋಣೆ ಮೊದಲು ಸಡಿಲವಾಗಿ ರಕ್ತ ತುಂಬಿಸ್ಕೊಳ್ಳುತ್ತೆ, ಆಮೇಲೆ ಹಿಂಡಿ ಮೈಗೆಲ್ಲ ಕಳಿಸುತ್ತೆ. ತುಂಬಿದ್ದರಲ್ಲಿ ಎಷ್ಟು ಪಾಲು ಆಚೆ ಹೋಯ್ತು ಅನ್ನೋದು ಇಎಫ್. ಎಷ್ಟು ತುಂಬಿತ್ತು ಅನ್ನೋದನ್ನ ಅದು ಹೇಳಲ್ಲ. ತುಂಬೋಕೆ ಎಷ್ಟು ಕಷ್ಟ ಆಯ್ತು ಅನ್ನೋದನ್ನೂ ಹೇಳಲ್ಲ.

ಈಗ ಲೆಕ್ಕ ಮಾಡಿ. ದೊಡ್ಡಪ್ಪನ ಹೃದಯ ಅಟ್ಯಾಕ್ ಆದ್ಮೇಲೆ ಹಿಗ್ಗಿದೆ. ತುಂಬಿದಾಗ 200 ಎಂ.ಎಲ್. ಹಿಡಿಯುತ್ತೆ, ಹಿಂಡಿದ ಮೇಲೆ 140 ಒಳಗೇ ಉಳಿಯುತ್ತೆ. ಆಚೆ ಹೋಗಿದ್ದು 60 ಎಂ.ಎಲ್. 200ರಲ್ಲಿ 60 ಅಂದ್ರೆ ಶೇ. 30. ಅಜ್ಜಿಯ ಹೃದಯದ ಗೋಡೆ ಬಿಪಿಯಿಂದ ದಪ್ಪ ಆಗಿ, ಒಳಗಿನ ಜಾಗ ಚಿಕ್ಕದಾಗಿದೆ. ತುಂಬೋದೇ 75 ಎಂ.ಎಲ್., ಉಳಿಯೋದು 30, ಆಚೆ ಹೋಗಿದ್ದು 45. 75ರಲ್ಲಿ 45 ಅಂದ್ರೆ ಶೇ. 60.

ಗಮನಿಸಿದ್ರಾ? ಫೇಲ್ ಅಂದ್ಕೊಂಡ ಹೃದಯ ಒಂದು ಬಡಿತಕ್ಕೆ 60 ಎಂ.ಎಲ್. ಕಳಿಸ್ತಿದೆ. ಫಸ್ಟ್ ಕ್ಲಾಸ್ ಅಂದ್ಕೊಂಡದ್ದು 45. ಇಬ್ಬರಿಗೂ ನಿಮಿಷಕ್ಕೆ 80 ಬಡಿತ ಅಂದ್ರೆ, ಅವರದ್ದು 4.8 ಲೀಟರ್, ಇವರದ್ದು 3.6 ಲೀಟರ್. ಚಿಕ್ಕ ಮೈಕಟ್ಟಿನ ಅಜ್ಜಿಗೆ ಸುಮ್ನೆ ಕೂತಾಗ ಅಷ್ಟು ಸಾಕಾಗಬಹುದು. ಕಷ್ಟ ಶುರು ಆಗೋದು ಎದ್ದು ನಡೆದಾಗ.

ಯಾಕೆ ಅಂತ ನೋಡೋಣ. ಬಿಪಿ ನೋಡುವಾಗ ಒತ್ತೋ ರಬ್ಬರ್ ಉಂಡೆ ಗೊತ್ತಲ್ವಾ? ಹೊಸದಾದ್ರೆ ಒತ್ತಿ ಬಿಟ್ಟ ತಕ್ಷಣ ಪುಸಕ್ ಅಂತ ಗಾಳಿ ಎಳ್ಕೊಂಡು ಉಬ್ಬುತ್ತೆ. ಹಳೇದಾಗಿ ರಬ್ಬರ್ ಗಟ್ಟಿ ಆಗಿದ್ರೆ ಒತ್ತೋಕೇನೋ ಆಗುತ್ತೆ, ಆದ್ರೆ ವಾಪಸ್ ಉಬ್ಬೋದು ನಿಧಾನ. ಅಜ್ಜಿಯ ಹೃದಯ ಹಾಗೆ. ಹಿಂಡೋ ಕೆಲಸ ನಡೀತಿದೆ, ಸಡಿಲ ಆಗೋ ಕೆಲಸ ಕೆಟ್ಟಿದೆ. ಸುಮ್ನೆ ಇದ್ದಾಗ ನಿಮಿಷಕ್ಕೆ 70 ಬಡಿತ ಅಂದ್ರೆ ಒಂದೊಂದಕ್ಕೆ 0.86 ಸೆಕೆಂಡ್. ಹಿಂಡೋಕೆ ಸುಮಾರು 0.3 ಸೆಕೆಂಡ್ ಹೋದ್ರೆ, ತುಂಬೋಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಸಿಗುತ್ತೆ. ನಡೆದು 120 ಬಡಿತ ಆದ್ರೆ ಒಂದು ಬಡಿತಕ್ಕೆ ಇರೋದೇ ಅರ್ಧ ಸೆಕೆಂಡ್, ತುಂಬೋಕೆ ಉಳಿಯೋದು 0.2ರ ಆಸುಪಾಸು. ಗಟ್ಟಿ ಹೃದಯಕ್ಕೆ ಅಷ್ಟು ಸಾಲಲ್ಲ. ಒಳಗೆ ಹೋಗದ ರಕ್ತ ಹಿಂದೆ ಒತ್ತುತ್ತೆ, ಹಿಂದೆ ಇರೋದು ಶ್ವಾಸಕೋಶ. ಅದಕ್ಕೇ ಉಸಿರು ಕಟ್ಟೋದು.

ಇಬ್ಬರಿಗೂ ಇರೋದು ಹಾರ್ಟ್ ಫೇಲ್ಯೂರೇ. ಹಾಗಂದ್ರೆ ಹೃದಯ ನಿಂತುಹೋಯ್ತು ಅಂತ ಅಲ್ಲ. ಮೈಗೆ ಬೇಕಾದಷ್ಟು ರಕ್ತ ಕಳಿಸೋಕೆ ಆಗ್ತಿಲ್ಲ, ಅಥವಾ ಒಳಗೆ ಒತ್ತಡ ಏರಿದ್ರೆ ಮಾತ್ರ ಆಗ್ತಿದೆ ಅಂತ. ಇಎಫ್ 40 ಅಥವಾ ಕಡಿಮೆ ಇದ್ರೆ ಅದು ಇಎಫ್ ಕುಗ್ಗಿದ ಫೇಲ್ಯೂರ್. 50 ಅಥವಾ ಹೆಚ್ಚಿದ್ದರೆ ಇಎಫ್ ಉಳಿದಿರೋ ಫೇಲ್ಯೂರ್. 41ರಿಂದ 49 ನಡುವಿನದು. 40ರ ಹತ್ತಿರ ಗೆರೆ ಎಳೆದಿರೋದಕ್ಕೆ ದೊಡ್ಡ ಕಾರಣ, ಹಳೇ ಔಷಧಿ ಪ್ರಯೋಗಗಳಲ್ಲಿ ಹೆಚ್ಚಾಗಿ ಇಎಫ್ ಕಡಿಮೆ ಇರೋ ರೋಗಿಗಳನ್ನೇ ಸೇರಿಸ್ಕೊಂಡಿದ್ದು. ಹೃದಯ 40ಕ್ಕೆ ಬಂದ ತಕ್ಷಣ ಬದಲಾಗಿಬಿಡುತ್ತೆ ಅಂತೇನಲ್ಲ.

ಇನ್ನು ಈ ಸಂಖ್ಯೆ ಎಲ್ಲಿಂದ ಬರುತ್ತೆ ಅಂತ ಹೇಳ್ತೀನಿ. ನಿಮ್ಮನ್ನ ಎಡಮಗ್ಗುಲಿಗೆ ಮಲಗಿಸಿ, ಎದೆ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಡ್ತೀವಿ. ಎರಡು ಕೋನದಿಂದ ಹೃದಯ ನೋಡ್ತೀವಿ. ಪೂರ್ತಿ ತುಂಬಿದಾಗ ಒಂದು ಚಿತ್ರ, ಪೂರ್ತಿ ಹಿಂಡಿದಾಗ ಒಂದು ಚಿತ್ರ ನಿಲ್ಲಿಸಿ, ಒಳಗೋಡೆಯ ಅಂಚಿನ ಮೇಲೆ ಗೆರೆ ಎಳೀತೀವಿ. ಮಿಷನ್ ಆ ಆಕಾರವನ್ನ 20 ತೆಳ್ಳಗಿನ ಬಿಲ್ಲೆಗಳಾಗಿ ಸೀಳಿ, ಒಂದೊಂದರ ಅಳತೆ ಕೂಡಿಸಿ ಎಂ.ಎಲ್. ಕೊಡುತ್ತೆ. ಇದಕ್ಕೆ ಸಿಂಪ್ಸನ್ ವಿಧಾನ ಅಂತಾರೆ. ಅಂದ್ರೆ ಹೃದಯದ ಬಲವನ್ನ ನೇರವಾಗಿ ಯಾರೂ ಅಳೀತಿಲ್ಲ. ಬೂದು ಬಣ್ಣದ ಚಿತ್ರದ ಮೇಲೆ ಒಬ್ಬ ಮನುಷ್ಯ ಎಳೆದ ಗೆರೆಯಿಂದ ಬಂದ ಲೆಕ್ಕ ಅದು. ಎಷ್ಟೋ ಸಲ ಗೆರೆಯನ್ನೂ ಎಳೆಯಲ್ಲ, ಅನುಭವದ ಮೇಲೆ ಕಣ್ಣಂದಾಜಲ್ಲಿ ಬರೀತಾರೆ.

ಆದ್ದರಿಂದ ಅದೇ ಮನುಷ್ಯನಿಗೆ ಬೇರೆ ದಿನ, ಬೇರೆಯವರು ಮಾಡಿದ್ರೆ ಐದು ಪಾಯಿಂಟ್ ಆಚೀಚೆ ಆಗೋದು ಮಾಮೂಲು. ದಪ್ಪ ಮೈ, ಬೀಡಿ ಸೇದಿ ಉಬ್ಬಿದ ಶ್ವಾಸಕೋಶ ಇದ್ರೆ ಅಂಚೇ ಸರಿಯಾಗಿ ಕಾಣಲ್ಲ, ಇನ್ನೂ ಹೆಚ್ಚು ವ್ಯತ್ಯಾಸ ಬರುತ್ತೆ. ದೊಡ್ಡಪ್ಪನ ಇಎಫ್ 30ರಿಂದ 34 ಆಯ್ತು ಅಂತ ಸಿಹಿ ಹಂಚೋದೂ ಬೇಡ, 27 ಆಯ್ತು ಅಂತ ಗಾಬರಿ ಬೀಳೋದೂ ಬೇಡ. ಸಾಧ್ಯ ಆದ್ರೆ ಅದೇ ಕಡೆ, ಅದೇ ವಿಧಾನದಲ್ಲಿ ಮಾಡಿಸಿ ಹೋಲಿಸಿ ನೋಡಬೇಕು.

ಇನ್ನೊಂದು ಮೋಸ ಇದೆ, ವಾಲ್ವ್ ಲೀಕ್. ಎಡ ಕೆಳ ಕೋಣೆ 150 ತುಂಬಿ 60 ಉಳಿಸ್ಕೊಂಡ್ರೆ ಇಎಫ್ 60. ಆದ್ರೆ ಆ 90 ಎಂ.ಎಲ್.ನಲ್ಲಿ 40 ಮೈಟ್ರಲ್ ವಾಲ್ವ್ ಸಂದಿಯಿಂದ ಹಿಂದಕ್ಕೇ ಹೋದ್ರೆ, ಮೈಗೆ ಸಿಕ್ಕಿದ್ದು 50. ಇಎಫ್‌ಗೆ ಮುಂದೆ ಹೋದದ್ದು, ಹಿಂದೆ ಹೋದದ್ದು ಎಲ್ಲಾ ಒಂದೇ.

ಹಾಗಾದ್ರೆ ಅಜ್ಜಿಯ ರೋಗ ಗೊತ್ತಾಗೋದು ಹೇಗೆ? ಅದೇ ರಿಪೋರ್ಟಲ್ಲಿ, ಇಎಫ್ ಬಿಟ್ಟು ಬೇರೆ ಸಾಲುಗಳಲ್ಲಿ. ಎಡ ಮೇಲ್ಕೋಣೆ ದೊಡ್ಡದಾಗಿದೆಯಾ ನೋಡಬೇಕು. ಕೆಳಗಿನ ಗಟ್ಟಿ ಕೋಣೆಗೆ ರಕ್ತ ತಳ್ಳಿ ತಳ್ಳಿ ಅದು ಹಿಗ್ಗಿರುತ್ತೆ. E/e′ ಅಂತ ಒಂದು ಸಾಲು ಇರುತ್ತೆ. ರಕ್ತ ಒಳಗೆ ನುಗ್ಗೋ ವೇಗವನ್ನ ಗೋಡೆ ಸಡಿಲ ಆಗೋ ವೇಗದಿಂದ ಭಾಗಿಸಿದ್ದು. 8ರ ಒಳಗಿದ್ರೆ ಸಮಾಧಾನ, 14 ದಾಟಿದ್ರೆ ಒಳಗಿನ ಒತ್ತಡ ಏರಿದೆ ಅನ್ನೋ ಸೂಚನೆ, ನಡುವೆ ಇದ್ರೆ ಅದೊಂದರಿಂದಲೇ ಹೇಳೋಕಾಗಲ್ಲ. ಜೊತೆಗೆ ಎನ್‌ಟಿ-ಪ್ರೊಬಿಎನ್‌ಪಿ ಅನ್ನೋ ರಕ್ತಪರೀಕ್ಷೆ. ದಪ್ಪ ಇರೋರಲ್ಲಿ ಇದು ಇರಬೇಕಾದ್ದಕ್ಕಿಂತ ಕಡಿಮೆ ತೋರಿಸಬಹುದು. ರಕ್ತಹೀನತೆ, ಶ್ವಾಸಕೋಶದ ಕಾಯಿಲೆ ಇಲ್ಲ ಅಂತಲೂ ಖಚಿತ ಮಾಡ್ಕೋಬೇಕು. ನಮ್ಮ ಅಜ್ಜಿಗೆ ಮೇಲ್ಕೋಣೆ ಹಿಗ್ಗಿತ್ತು, E/e′ 17 ಇತ್ತು, ರಕ್ತಪರೀಕ್ಷೆಯೂ ಹೆಚ್ಚು ಬಂತು. ಅಷ್ಟರಲ್ಲಿ ಅವರಿಗೆ ಒಂದು ವರ್ಷದಿಂದ ಗ್ಯಾಸಿನ ಮಾತ್ರೆ ನಡೀತಿತ್ತು.

ಚಿಕಿತ್ಸೆ ಬೇರೆ ಬೇರೆ. ದೊಡ್ಡಪ್ಪನಂಥವರಿಗೆ ನಾಲ್ಕು ಬಗೆಯ ಮಾತ್ರೆ ಸೇರಿ ಆಯಸ್ಸು ಹೆಚ್ಚಿಸುತ್ತವೆ ಅನ್ನೋದು ಪಕ್ಕಾ. ಅದರಲ್ಲಿ ಮೂರು ತಿಂಗಳು ಸರಿಯಾಗಿ ತಗೊಂಡ ಮೇಲೂ ಇಎಫ್ 35 ದಾಟದಿದ್ರೆ, ಹಠಾತ್ ಸಾವು ತಡೆಯೋ ಐಸಿಡಿ ಸಾಧನದ ಮಾತು ಬರುತ್ತೆ. ಅಜ್ಜಿಯಂಥವರಲ್ಲಿ ಅದೇ ಮಾತ್ರೆಗಳಿಂದ ಅಷ್ಟು ಸ್ಪಷ್ಟ ಲಾಭ ಬಹಳ ಕಾಲ ಕಾಣಲಿಲ್ಲ. 2021ರಲ್ಲಿ ಎಂಪಾಗ್ಲಿಫ್ಲೋಜಿನ್, 2022ರಲ್ಲಿ ಡಾಪಾಗ್ಲಿಫ್ಲೋಜಿನ್ ಪ್ರಯೋಗಗಳು ಬಂದ ಮೇಲೆ ಬಾಗಿಲು ತೆರೀತು. ಮುಖ್ಯವಾಗಿ ಆಸ್ಪತ್ರೆ ಸೇರೋದು ಕಡಿಮೆ ಆಯ್ತು. ಇವು ಶುಗರ್ ಮಾತ್ರೆಗಳಾಗಿ ಬಂದವು, ಆದ್ರೆ ಶುಗರ್ ಇಲ್ಲದವರಿಗೂ ಹೃದಯಕ್ಕೆ ಅಂತ ಕೊಡ್ತಾರೆ. ಅಂಗಡಿಯವರು ಹೇಳಿದ್ರು ಅಂತ ನಿಲ್ಲಿಸಬೇಡಿ. ಜೊತೆಗೆ ನೀರು ಇಳಿಸೋ ಮಾತ್ರೆ, ಬಿಪಿ ಹಿಡಿತ, ತೂಕ ಇಳಿಸೋದು.

ಇನ್ನೊಂದು ಮಾತು. ಮಾತ್ರೆ ತಗೊಂಡು 30 ಇದ್ದದ್ದು 50 ಆಯ್ತು ಅಂದ್ಕೊಳ್ಳಿ. ಹಾಗೆ ಚೇತರಿಸಿಕೊಂಡ, ಹಿಗ್ಗಿದ ಹೃದಯದ ಕಾಯಿಲೆಯವರಲ್ಲಿ ಬ್ರಿಟನ್ನಿನ ವೈದ್ಯರು ನಿಗಾ ಇಟ್ಟು ಮಾತ್ರೆ ನಿಲ್ಲಿಸಿ ನೋಡಿದ್ರು. ಆರು ತಿಂಗಳಲ್ಲಿ ಹತ್ತಕ್ಕೆ ನಾಲ್ವರಿಗೆ ಕಾಯಿಲೆ ವಾಪಸ್ ಬಂತು. ಸಂಖ್ಯೆ ಸರಿ ಕಾಣೋದು ಮಾತ್ರೆ ಇರೋದ್ರಿಂದ ಆಗಿರಬಹುದು.

ಮನೆಯಿಂದ ರಿಪೋರ್ಟ್ ಫೋನಿಗೆ ಬಂದಾಗ ಡಾಕ್ಟರನ್ನ ಇಷ್ಟು ಕೇಳಿ. ಈ ಇಎಫ್ ಅಳೆದದ್ದಾ, ಕಣ್ಣಂದಾಜಾ? ಎಡ ಮೇಲ್ಕೋಣೆ ಎಷ್ಟಿದೆ, E/e′ ಎಷ್ಟು? ವಾಲ್ವ್ ಲೀಕ್ ಇದೆಯಾ? ಜೊತೆಗೆ ಮನೆಯಲ್ಲಿ ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದ ಮೇಲೆ ದಿನಾ ತೂಕ ನೋಡಿ ಬರೆದಿಡೋಕೆ ಹೇಳಿ. ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿದ್ರೆ ಅದು ಊಟದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಆಗ ಮುಂದಿನ ಎಕೋ ತಾರೀಕಿಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಇಎಫ್ 30 ಇದ್ರೂ ಅಷ್ಟೆ, 60 ಇದ್ರೂ ಅಷ್ಟೆ.