ಹಾಲು ಕುಡಿದರೆ ಹೊಟ್ಟೆ ಕೆಡುವುದೇಕೆ?

ಇಂದು ನಾನು ಹೇಳಹೊರಟಿರುವುದು ಅನೇಕರು ಅನುಭವಿಸುವ, ಆದರೆ ಸಂಕೋಚದಿಂದ ಯಾರ ಬಳಿಯೂ ಹೇಳಿಕೊಳ್ಳದ ಒಂದು ತೊಂದರೆಯ ವಿಷಯ. ಬೆಳೆದವರಲ್ಲಿ ಕೆಲವರಿಗೆ ಒಂದು ದೊಡ್ಡ ಲೋಟ ಹಾಲು ಕುಡಿದ ಗಂಟೆ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಉಬ್ಬರಿಸುತ್ತದೆ, ಆಮೇಲೆ ನೀರಿನಂತೆ ಭೇದಿಯಾಗುತ್ತದೆ. ಇದು ಏಕೆ ಆಗುತ್ತದೆ, ಇದಕ್ಕೆ ಹೆದರಬೇಕೇ, ಹಾಲನ್ನು ಬಿಟ್ಟೇಬಿಡಬೇಕೇ ಎಂಬುದನ್ನು ನೋಡೋಣ.

ಒಬ್ಬ ವಿದ್ಯಾರ್ಥಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನದು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿ. ಓದುತ್ತಿರುವುದು ಶ್ರೀರಂಗಪಟ್ಟಣದಲ್ಲಿ, ಇರುವುದು ಹಾಸ್ಟೆಲಿನಲ್ಲಿ. ವಯಸ್ಸು 18. ಮನೆಯಲ್ಲಿ ಎರಡು ಹಸು ಇವೆ, ಆದರೆ ಹಾಲೆಲ್ಲ ಬೆಳಿಗ್ಗೆ ಸಂಜೆ ಡೈರಿಗೆ ಹೋಗುತ್ತದೆ. ಅವನು ಮನೆಯಲ್ಲಿ ತಿನ್ನುತ್ತಿದ್ದುದು ಮುದ್ದೆ, ಉಪ್ಸಾರು, ಕೊನೆಗೆ ಮಜ್ಜಿಗೆ ಅನ್ನ. ಹಾಲು ಅಂದರೆ ಕಾಫಿಗೆ ಬೆರೆಸಿದ್ದು ಮಾತ್ರ. ಪೊಲೀಸ್ ಆಯ್ಕೆಗೆ ಓಡಲು ಶುರು ಮಾಡಿದ ಮೇಲೆ, ಮೈ ಬರಲಿ ಎಂದು ಗೆಳೆಯರ ಮಾತು ಕೇಳಿ ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಅರ್ಧ ಲೀಟರ್ ಹಾಲು ಕುಡಿಯತೊಡಗಿದ. ಐದೂವರೆಗೆ ಕುಡಿದರೆ ಏಳಕ್ಕೆ ಹೊಟ್ಟೆಯಲ್ಲಿ ಸದ್ದು. ಎಂಟರ ಹೊತ್ತಿಗೆ ಎರಡು ಸಲ ಭೇದಿ. ಮಧ್ಯಾಹ್ನಕ್ಕೆ ಎಲ್ಲ ಸರಿ. ಮರುದಿನ ಮತ್ತೆ ಅದೇ ಕಥೆ.

ಅವನು ಔಷಧಿ ಅಂಗಡಿಯಲ್ಲಿ ಕೇಳಿ ಆಮಶಂಕೆಯ ಮಾತ್ರೆ ತೆಗೆದುಕೊಂಡ. ಒಂದು ಸಲವಲ್ಲ, ಮೂರು ಸಲ. ಊರಿಗೆ ಹೋದಾಗ ಅಜ್ಜಿ, "ಪ್ಯಾಕೆಟ್ ಹಾಲ್ಗೆ ಏನೇನೋ ಬೆರ್ಸ್ತಾರೆ ಕಣ್ಲಾ ಮಗ, ನಾಟಿ ಹಸೀನ ಹಾಲ್ ಕುಡಿ" ಎಂದರು. ನಾಟಿ ಹಸುವಿನ ಹಾಲು ಕುಡಿದರೂ ಹಾಗೆಯೇ ಆಯಿತು. ಕೊನೆಗೆ ಅವನು ಹಾಲು, ಮೊಸರು, ಮಜ್ಜಿಗೆ ಎಲ್ಲವನ್ನೂ ಬಿಟ್ಟುಬಿಟ್ಟ. ಈ ಹುಡುಗನಿಗೆ ಆಮಶಂಕೆ ಇರಲಿಲ್ಲ, ಹಾಲಿನಲ್ಲಿ ಕಲಬೆರಕೆಯೂ ಇರಲಿಲ್ಲ. ಹಾಗಾದರೆ ಏನಾಗಿತ್ತು?

ಹಾಲಿಗೆ ಸಕ್ಕರೆ ಹಾಕದಿದ್ದರೂ ಸ್ವಲ್ಪ ಸಿಹಿ ಇರುತ್ತದೆ, ಅಲ್ಲವೇ? ಆ ಸಿಹಿ ಹಾಲಿನದೇ ಸಕ್ಕರೆಯಿಂದ ಬಂದದ್ದು. ಅದರ ಹೆಸರು ಲ್ಯಾಕ್ಟೋಸ್. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನಾಟಿ ಹಸು, ಮಿಶ್ರತಳಿ ಹಸು, ಎಮ್ಮೆ, ಯಾವುದರ ಹಾಲಾದರೂ ಈ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಾಯಿಸಿದರೂ ಅದು ಹೋಗುವುದಿಲ್ಲ. ಅಜ್ಜಿಯ ಸಲಹೆ ಫಲಿಸದಿದ್ದುದು ಇದಕ್ಕೇ.

ಲ್ಯಾಕ್ಟೋಸಿನ ಒಂದೊಂದು ಅಣುವೂ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಸೇರಿ ಆದದ್ದು. ಈ ಜೋಡಿ ಹಾಗೆಯೇ ರಕ್ತಕ್ಕೆ ಸೇರಲಾರದು. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡಾಗಿ ಕತ್ತರಿಸಬೇಕು. ಹೆಸರುಗಳು ಒಂದರಂತೆ ಒಂದಿವೆ, ಗೊಂದಲ ಬೇಡ: ಲ್ಯಾಕ್ಟೋಸ್ ಸಕ್ಕರೆ, ಲ್ಯಾಕ್ಟೇಸ್ ಅದನ್ನು ಕತ್ತರಿಸುವ ಕತ್ತರಿ.

ಕತ್ತರಿಗಳು ಕಡಿಮೆಯಿದ್ದು ಸಕ್ಕರೆ ಹೆಚ್ಚು ಬಂದರೆ, ಕತ್ತರಿಸದೆ ಉಳಿದ ಸಕ್ಕರೆ ಕರುಳಿನಲ್ಲಿ ಮುಂದಕ್ಕೆ ಸಾಗುತ್ತದೆ. ಆಗ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದಾಗಿ, ಆ ಸಕ್ಕರೆ ಅಭಿಸರಣದಿಂದ ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಸಕ್ಕರೆ ದ್ರಾವಣಕ್ಕೆ ಪೊರೆಯ ಮೂಲಕ ನೀರು ಬರುವುದನ್ನು ನೀವು ನೋಡಿದ್ದೀರಿ. ಅದೇ ನಿಯಮ ಇಲ್ಲಿಯೂ. ಮಲ ನೀರಾಗುವುದು ಇದರಿಂದ. ಎರಡನೆಯದಾಗಿ, ದೊಡ್ಡ ಕರುಳಿನಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಹುದುಗಿಸುತ್ತವೆ. ದೋಸೆ ಹಿಟ್ಟು ರಾತ್ರಿಯೆಲ್ಲ ಹುದುಗಿ ಉಬ್ಬುವಂತೆ ಅಲ್ಲಿಯೂ ಅನಿಲ ಹುಟ್ಟುತ್ತದೆ, ಆಮ್ಲ ಹುಟ್ಟುತ್ತದೆ. ಹೊಟ್ಟೆ ಉಬ್ಬರ, ಸದ್ದು, ಹಿಂಡಿದಂಥ ನೋವು, ಹುಳಿ ವಾಸನೆಯ ನೊರೆ ಭೇದಿ, ಎಲ್ಲಕ್ಕೂ ಇದೇ ಕಾರಣ. ಇದನ್ನು ಲ್ಯಾಕ್ಟೋಸ್ ಅಸಹಿಷ್ಣುತೆ ಎನ್ನುತ್ತಾರೆ.

ಮಗುವಾಗಿದ್ದಾಗ ಹಾಲನ್ನೇ ಕುಡಿದು ಬೆಳೆದವರಿಗೆ ಈಗೇಕೆ ಹೀಗೆ ಎಂದು ನೀವು ಕೇಳಬಹುದು. ಹಸುಗೂಸಿನ ಕರುಳಿನಲ್ಲಿ ಲ್ಯಾಕ್ಟೇಸ್ ಧಾರಾಳವಾಗಿರುತ್ತದೆ. ತಾಯಿಯ ಹಾಲು ಬಿಟ್ಟ ಮೇಲೆ ವರ್ಷಗಳು ಕಳೆದಂತೆ ಅದು ತಾನಾಗಿಯೇ ಇಳಿಯುತ್ತದೆ. ಹಾಲು ಬಿಟ್ಟ ಕರುವಿನಲ್ಲಿಯೂ ಇದೇ ನಡೆಯುತ್ತದೆ, ಸಸ್ತನಿಗಳ ಸಾಮಾನ್ಯ ರೀತಿಯೇ ಇದು. ಕೆಲವು ಮನುಷ್ಯರಲ್ಲಿ ಮಾತ್ರ ಒಂದು ಆನುವಂಶಿಕ ಬದಲಾವಣೆಯಿಂದಾಗಿ ಕಿಣ್ವ ಜೀವಮಾನವಿಡೀ ಉಳಿಯುತ್ತದೆ. ಆ ಬದಲಾವಣೆ ಎರಡನೇ ವರ್ಣತಂತುವಿನಲ್ಲಿದೆ ಎಂಬುದನ್ನು 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಗುರುತಿಸಿದರು. ನಮ್ಮ ದೇಶದಲ್ಲಿಯೂ ಅದೇ ಬದಲಾವಣೆ ಕಂಡುಬರುತ್ತದೆ. ವಾಯವ್ಯ ಭಾಗದಲ್ಲಿ ಅದು ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಆದ್ದರಿಂದ ನಮ್ಮ ಕಡೆ ದೊಡ್ಡವರಲ್ಲಿ ಲ್ಯಾಕ್ಟೇಸ್ ಕಡಿಮೆಯಿರುವುದು ಅಪರೂಪದ ರೋಗವಲ್ಲ, ಮಾಮೂಲು ಸಂಗತಿ.

ಈಗ ನಮ್ಮ ಕಡೆಯ ಊಟವನ್ನು ಸ್ವಲ್ಪ ನೆನೆಯಿರಿ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಯಲ್ಲಿ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಜಾತ್ರೆಯಲ್ಲಿ ಹೆಸರಾದದ್ದು ಹಳ್ಳಿಕಾರ್ ದನ. ಅದು ಉಳುವ, ಗಾಡಿ ಎಳೆಯುವ ತಳಿ. ಕೊಡುವ ಹಾಲು ಕಡಿಮೆ. ಇದ್ದ ಹಾಲಿಗೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಮಜ್ಜಿಗೆ ಕುಡಿಯುತ್ತಿದ್ದರು. ಲೋಟಗಟ್ಟಲೆ ಹಸಿಹಾಲು ಕುಡಿಯುವ ರೂಢಿ ಇರಲಿಲ್ಲ. ಹೀಗಾಗಿ ಕಿಣ್ವ ಕಡಿಮೆಯಿದ್ದವರಿಗೂ ಅದು ಗೊತ್ತಾಗುತ್ತಿರಲಿಲ್ಲ. ನಮ್ಮ ಹುಡುಗನಿಗೆ ಗೊತ್ತಾದದ್ದು ಅವನು ಅಭ್ಯಾಸ ಬದಲಿಸಿದ ಮೇಲೆ.

ಇಲ್ಲಿಯೇ ಮುಖ್ಯವಾದ ಮಾತಿದೆ. ಇದು 'ಹಾಲು ಆಗುತ್ತದೆ' ಅಥವಾ 'ಆಗುವುದಿಲ್ಲ' ಎಂಬ ಎರಡೇ ಮಾತಿನ ಪ್ರಶ್ನೆಯಲ್ಲ. ಎಷ್ಟು, ಯಾವಾಗ, ಯಾವ ರೂಪದಲ್ಲಿ ಎಂಬ ಪ್ರಶ್ನೆ. ಕಿಣ್ವ ಇಳಿದಿರುವವರಲ್ಲಿಯೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂನಷ್ಟು ಲ್ಯಾಕ್ಟೋಸನ್ನು, ಅದರಲ್ಲೂ ಊಟದ ಜೊತೆಗಾದರೆ, ದೊಡ್ಡ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಕಾಫಿಯಲ್ಲಿ 50 ಮಿಲಿ ಹಾಲಿದ್ದರೆ ಎರಡೂವರೆ ಗ್ರಾಂ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಲೋಟ 150 ಮಿಲಿ. ಅದರಲ್ಲಿ ಸುಮಾರು 7 ಗ್ರಾಂ. ನಮ್ಮ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದೇ ಸಲ ಕುಡಿದ ಅರ್ಧ ಲೀಟರಿನಲ್ಲಿ ಸುಮಾರು 25 ಗ್ರಾಂ! ಖಾಲಿ ಹೊಟ್ಟೆಯಿಂದ ಹಾಲು ಬೇಗ ಕರುಳಿಗೆ ಇಳಿಯುತ್ತದೆ, ಇದ್ದ ಕತ್ತರಿಗಳಿಗೆ ಪುರಸೊತ್ತು ಸಿಗುವುದಿಲ್ಲ. ಊಟದೊಂದಿಗೆ ಬಂದರೆ ನಿಧಾನವಾಗಿ ಇಳಿಯುತ್ತದೆ.

ಅವನು ಮೊಸರು ಮಜ್ಜಿಗೆ ಬಿಟ್ಟದ್ದಂತೂ ತಪ್ಪೇ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಲ್ಲಿ ಒಂದು ಪಾಲನ್ನು ಆಗಲೇ ಹುಳಿಯಾಗಿ ಮಾರ್ಪಡಿಸಿರುತ್ತವೆ. ಅಷ್ಟೇ ಅಲ್ಲ, ಅವುಗಳಲ್ಲಿ ತಮ್ಮದೇ ಲ್ಯಾಕ್ಟೇಸ್ ಇದೆ. ನಮ್ಮ ಕರುಳಿಗೆ ಬಂದ ಮೇಲೂ ಅದು ಕೆಲಸ ಮಾಡುತ್ತದೆ. ಕುದಿಸಿದರೆ ಈ ಲಾಭ ಹೋಗುತ್ತದೆ, ಹಾಗಾಗಿ ಮಜ್ಜಿಗೆ ಹುಳಿಗಿಂತ ಹಸಿ ಮಜ್ಜಿಗೆ ಮೇಲು. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಖೋವಾ, ಪೇಡ ಇವು ಹಾಲನ್ನು ಬತ್ತಿಸಿ ಮಾಡಿದವು. ನೀರು ಹೋಗಿ ಸಕ್ಕರೆ ಉಳಿದಿರುತ್ತದೆ, ಎಚ್ಚರವಿರಲಿ.

ನಿಮ್ಮ ಮಿತಿ ಎಷ್ಟೆಂದು ನೀವೇ ಕಂಡುಕೊಳ್ಳಬಹುದು. ನಮ್ಮ ಹುಡುಗ ಮಾಡಿದ್ದು ಹೀಗೆ. ಎರಡು ವಾರ ಹಾಲು, ಕಾಫಿ, ಪಾಯಸ, ಪೇಡ ಎಲ್ಲ ನಿಲ್ಲಿಸಿದ. ಉಬ್ಬರ, ಭೇದಿ ಪೂರ್ತಿ ನಿಂತವು. ನಂತರ ಮಜ್ಜಿಗೆ ಅನ್ನ ಶುರು ಮಾಡಿದ, ಏನೂ ಆಗಲಿಲ್ಲ. ಆಮೇಲೆ ಊಟದ ಜೊತೆ 100 ಮಿಲಿ ಹಾಲು, ಮೂರು ದಿನ. ಬಳಿಕ 150, ಬಳಿಕ 200. ಪ್ರತಿದಿನ ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. 200 ಮಿಲಿಗೆ ಸ್ವಲ್ಪ ವಾಯು, ಅಷ್ಟೇ. ಅದನ್ನೇ ಖಾಲಿ ಹೊಟ್ಟೆಯಲ್ಲಿ ಕುಡಿದ ದಿನ ಮತ್ತೆ ಭೇದಿ. ಹಾಗಾದರೆ ಅವನ ಮಿತಿ ಊಟದ ಜೊತೆ ಒಂದು ಲೋಟ. ದಿನವೂ ಸ್ವಲ್ಪ ಸ್ವಲ್ಪ ಕುಡಿಯುತ್ತಿದ್ದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ಹೊಂದಿಕೊಂಡು ಅನಿಲ ಕಡಿಮೆಯಾಗುವುದುಂಟು. ಇನ್ನು ಸುಣ್ಣದ ಅಂಶದ ಚಿಂತೆ ಇದ್ದವರು ಮುದ್ದೆಯನ್ನು ಮರೆಯಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲಿನದರಷ್ಟು ಚೆನ್ನಾಗಿ ಅದು ಮೈಗೆ ಹತ್ತುವುದಿಲ್ಲ, ನಿಜ. ಆದರೂ ಪ್ರಮಾಣ ದೊಡ್ಡದು.

ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಉಸಿರಿನ ಪರೀಕ್ಷೆ ಉಂಟು. ಲ್ಯಾಕ್ಟೋಸ್ ನೀರು ಕುಡಿಸಿ, ಸುಮಾರು ಮೂರು ಗಂಟೆ ಕಾಲ ಆಗಾಗ ಉಸಿರಿನಲ್ಲಿ ಹೈಡ್ರೋಜನ್ ಅಳೆಯುತ್ತಾರೆ. ಕರುಳಿನಲ್ಲಿ ಹುದುಗಿ ಹುಟ್ಟಿದ ಹೈಡ್ರೋಜನ್ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ; ನಮ್ಮ ದೇಹದ ಜೀವಕೋಶಗಳು ಆ ಅನಿಲವನ್ನು ತಯಾರಿಸುವುದಿಲ್ಲ.

ಎಲ್ಲ ಭೇದಿಯನ್ನೂ ಹಾಲಿನ ತಲೆಗೆ ಕಟ್ಟಬೇಡಿ. ಹಾಲು ನಿಲ್ಲಿಸಿದರೂ ನಿಲ್ಲದ ಭೇದಿ, ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಇವು ಕಂಡರೆ ವೈದ್ಯರನ್ನೇ ನೋಡಬೇಕು. ಹಾಲು ಕುಡಿದೊಡನೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರೆ ಅದು ಬೇರೆಯೇ ವಿಷಯ, ಹಾಲಿನ ಪ್ರೋಟೀನಿನ ಅಲರ್ಜಿ. ಅದಕ್ಕೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೋರು ವಾಂತಿಭೇದಿ ಬಂದು ಹೋದ ಮೇಲೆ ಕರುಳಿನ ಪೊರೆ ಸವೆದು ಕೆಲವು ವಾರ ಹಾಲು ಆಗದಿರಬಹುದು, ಪೊರೆ ಬೆಳೆದಂತೆ ಅದು ಸರಿಹೋಗುತ್ತದೆ. ಇನ್ನು ಮನೆಯಲ್ಲಿ ಹಸುಗೂಸಿದ್ದರೆ, ಈ ಭಾಷಣ ಓದಿ ತಾಯಿಯ ಹಾಲು ಬಿಡಿಸುವ ಮಾತು ಯಾರೂ ಆಡಬಾರದು.

ಮುಂದಿನ ಸಲ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಹೊಟ್ಟೆ ಹಿಡಿದುಕೊಂಡು ಮಾತ್ರೆ ಕೊಳ್ಳಲು ಹೊರಟರೆ, ಮೊದಲು ಒಂದು ಪ್ರಶ್ನೆ ಕೇಳಿ: "ಬೆಳಿಗ್ಗೆ ಎಷ್ಟು ಹಾಲು ಕುಡಿದೆ, ಏನು ತಿಂದ ಮೇಲೆ ಕುಡಿದೆ?"