ಕಥೆ ಎಲ್ಲಿಯವರೆಗೆ ಹೇಳಬೇಕು

‘ತಿಥಿ’ ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಸೆಂಚುರಿ ಗೌಡ ಸತ್ತುಹೋಗುತ್ತಾನೆ. ನೂರೊಂದು ವರ್ಷದ ಮುದುಕ, ಬೀದಿಬದಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಬಾಯಿಗೆ ಬಂದಂತೆ ಬೈದು, ಎದ್ದು ಹೋದವನು ಅಲ್ಲೇ ಕುಸಿಯುತ್ತಾನೆ. 2016ರ ಮೇ ತಿಂಗಳಲ್ಲಿ ಚಿತ್ರ ಕರ್ನಾಟಕದಲ್ಲಿ ತೆರೆಕಂಡಾಗ ಅದರ ಬಗ್ಗೆ ಬರೆಯಲು ಕೂತವರಿಗೆ ಮೊದಲ ಪ್ರಶ್ನೆ ಇದೇ ಆಗಿರಬೇಕು: ಈ ಸಾವನ್ನು ಹೇಳಬಹುದೇ? ಉತ್ತರ ಸುಲಭ. ಚಿತ್ರದ ಹೆಸರೇ ಅದನ್ನು ಹೇಳಿಬಿಟ್ಟಿದೆ. ತಿಥಿ ಎಂದಮೇಲೆ ಯಾರೋ ಸತ್ತಿರಲೇಬೇಕು. ಮುಖ್ಯ ಪಾತ್ರವೊಂದು ಸಾಯುವ ಸಂಗತಿಯನ್ನು ಮೊದಲ ವಾಕ್ಯದಲ್ಲೇ ಬರೆದರೂ ನೋಡುಗನಿಗೆ ಏನೂ ನಷ್ಟವಾಗದ ಅಪರೂಪದ ಸಿನಿಮಾ ಇದು.

ಕಷ್ಟ ಶುರುವಾಗುವುದು ಅದರ ನಂತರ. ಸತ್ತವನ ಹಿರಿಯ ಮಗ ಗಡ್ಡಪ್ಪ. ಬೀಡಿ, ಬ್ರಾಂದಿ ಮತ್ತು ತಿರುಗಾಟ ಬಿಟ್ಟರೆ ಅವನಿಗೆ ಬೇರೆ ಯಾವುದೂ ಬೇಡ. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರಬೇಕಾಗಿದೆ, ಆದರೆ ಜಮೀನಿರುವುದು ತಾತನ ಹೆಸರಿನಲ್ಲಿ. ತಾತ ಸತ್ತರೆ ಅದು ಅಪ್ಪನಿಗೆ ಬರಬೇಕು, ಅಪ್ಪನಿಗೋ ಆಸ್ತಿಯ ಗೊಡವೆಯೇ ಬೇಕಿಲ್ಲ. ತಮ್ಮಣ್ಣನ ಮಗ ಅಭಿ ಕುರಿ ಕಾಯುವ ಹುಡುಗಿ ಕಾವೇರಿಯ ಹಿಂದೆ ಬಿದ್ದಿದ್ದಾನೆ. ಹನ್ನೊಂದನೇ ದಿನಕ್ಕೆ ತಿಥಿ. ವಿಮರ್ಶಕ ಇಲ್ಲಿಗೆ ನಿಲ್ಲಿಸಬೇಕು. ತಮ್ಮಣ್ಣ ಮುಂದೆ ಏನು ಮಾಡುತ್ತಾನೆ ಎಂಬುದು ಮುಂದಿನ ಒಂದೇ ವಾಕ್ಯದಲ್ಲಿ ಮುಗಿಯುವ ಮಾತು, ಆ ವಾಕ್ಯ ಬರೆಯುವ ಚಪಲವೂ ಬಹಳ. ಏಕೆಂದರೆ ಸಿನಿಮಾದ ನಗುವೆಲ್ಲ ಹುಟ್ಟುವುದು ಅಲ್ಲಿಂದ. ಅದಕ್ಕಾಗಿಯೇ ಬರೆಯಬಾರದು.

ವಿಮರ್ಶಕರ ನಡುವೆ ಒಂದು ಸುಲಭಸೂತ್ರ ಓಡಾಡುತ್ತದೆ: ಮೊದಲ ಅರ್ಧ ಗಂಟೆಯ ಕಥೆ ಹೇಳಬಹುದು, ಆಮೇಲಿನದು ಬೇಡ. ಗಡಿಯಾರ ನೋಡಿ ಹಾಕಿದ ಈ ಗೆರೆ ಬಹಳ ಸಲ ಕೈಕೊಡುತ್ತದೆ. ಕೆಲವು ಚಿತ್ರಗಳ ಗುಟ್ಟು ಹತ್ತನೇ ನಿಮಿಷದಲ್ಲೇ ಇರುತ್ತದೆ, ಕೆಲವಕ್ಕೆ ಕೊನೆಯವರೆಗೂ ಗುಟ್ಟೆಂಬುದೇ ಇರುವುದಿಲ್ಲ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇನ್ನೊಂದು ಅಳತೆ. ಸಿನಿಮಾ ನೋಡುಗನ ತಲೆಯಲ್ಲಿ ಯಾವ ಪ್ರಶ್ನೆಯನ್ನು ಬಿತ್ತುತ್ತದೆಯೋ ಆ ಪ್ರಶ್ನೆಯವರೆಗೆ ವಿಮರ್ಶಕ ಹೋಗಬಹುದು, ಅದರ ಉತ್ತರಕ್ಕೆ ಕೈಹಾಕುವಂತಿಲ್ಲ. ‘ತಿಥಿ’ಯಲ್ಲಿ ಆ ಪ್ರಶ್ನೆ ಇಷ್ಟೇ: ಏನೂ ಬೇಡದ ಅಪ್ಪನಿಂದ ಎಲ್ಲವೂ ಬೇಕಾದ ಮಗ ಜಮೀನು ಪಡೆಯುವುದು ಹೇಗೆ? ಗಂಟು ಹೇಳಿದ್ದಾಯಿತು. ಬಿಚ್ಚುವ ಕೆಲಸ ನಿರ್ದೇಶಕ ರಾಮ್ ರೆಡ್ಡಿ ಅವರದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದೂ ನಮ್ಮ ನೆಲದ್ದೇ. ಯಕ್ಷಗಾನದ ಆಟಕ್ಕೆ ಹೋಗುವವರಿಗೆ ಚಕ್ರವ್ಯೂಹದಲ್ಲಿ ಅಭಿಮನ್ಯು ಸಾಯುತ್ತಾನೆಂದು ಗೊತ್ತಿಲ್ಲವೇ? ಗೊತ್ತಿದ್ದೇ ಬೆಳಗಿನ ಜಾವದವರೆಗೆ ಕೂರುತ್ತಾರೆ. ಹಾಗಾದರೆ ಕಥೆ ಮುಂಚೆಯೇ ತಿಳಿದರೆ ರಸಭಂಗವೆಂಬುದು ಬರೀ ಭ್ರಮೆಯೇ? 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಹನ್ನೆರಡು ಸಣ್ಣಕಥೆಗಳನ್ನು ಓದಲು ಕೊಟ್ಟು ಇದನ್ನೇ ಪರೀಕ್ಷಿಸಿದರು. ಕೊನೆ ಮೊದಲೇ ತಿಳಿದವರಿಗೆ ಕಥೆಗಳು ಒಟ್ಟಾರೆ ಇನ್ನೂ ಹೆಚ್ಚು ಹಿಡಿಸಿದವು. ಆಮೇಲೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಇದಕ್ಕೆ ತದ್ವಿರುದ್ಧ ಫಲಿತಾಂಶವೂ ಬಂದಿದೆ.

ಪ್ರಯೋಗಗಳ ಜಗಳ ಹಾಗಿರಲಿ. ಯಕ್ಷಗಾನದ ಪ್ರೇಕ್ಷಕನಿಗೆ ಕಥೆ ಹೇಳಿದ್ದು ಅವನ ಅಜ್ಜಿ, ಅವನ ಊರು. ಆಟ ಕಟ್ಟಿದ್ದೇ ಕಥೆ ಗೊತ್ತಿದ್ದವನಿಗಾಗಿ. ಈ ಸಲದ ಅಭಿಮನ್ಯು ಹೇಗೆ ಕುಣಿದ, ಭಾಗವತರು ಯಾವ ಪದವನ್ನು ಹೇಗೆ ಎತ್ತಿದರು ಎಂಬುದೇ ಅಲ್ಲಿ ಕುತೂಹಲ. ‘ತಿಥಿ’ ಕಟ್ಟಿದ್ದು ಗಡ್ಡಪ್ಪನನ್ನು ಮೊದಲ ಸಲ ನೋಡುವವನಿಗಾಗಿ. ಎರಡನೇ ಸಲ ನೋಡುವ ಸುಖ ಬೇರೆಯೇ ಇದೆ, ಬಹುಶಃ ದೊಡ್ಡದೇ ಇದೆ. ಆದರೆ ಆ ಎರಡನೇ ಸಲವನ್ನೇ ಮೊದಲನೆಯದಾಗಿ ಮಾಡಿಕೊಡುವ ಅಧಿಕಾರವನ್ನು ವಿಮರ್ಶಕನಿಗೆ ಯಾರೂ ಕೊಟ್ಟಿಲ್ಲ.

ಘಟನೆ ಹೇಳದೆಯೂ ಗುಟ್ಟು ಒಡೆಯಬಹುದು. ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ‘ಕೊನೆಯಲ್ಲೊಂದು ದೊಡ್ಡ ತಿರುವಿದೆ, ಅದನ್ನು ಹೇಳುವುದಿಲ್ಲ’ ಎಂದು ಬರೆದವನು ತನ್ನ ಸಂಯಮಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುತ್ತಾನೆ. ಓದಿದವನೋ ಚಿತ್ರಮಂದಿರದಲ್ಲಿ ಕತೆ ಬಿಟ್ಟು ತಿರುವಿಗಾಗಿ ಕಾಯುತ್ತಾ ಕೂರುತ್ತಾನೆ. ‘ಇಂಥ ಚಿತ್ರದ ನೆನಪಾಗುತ್ತದೆ’ ಎಂಬ ಹೋಲಿಕೆಯೂ ಹಾಗೇ, ಆ ಚಿತ್ರ ನೋಡಿದವನಿಗೆ ಕೊಲೆಗಾರ ಯಾರೆಂದು ಅರ್ಧ ತಿಳಿದಂತೆ. ಸಣ್ಣ ಪಾತ್ರವೊಂದನ್ನು ಕಾರಣ ಹೇಳದೆ ವಿಪರೀತ ಹೊಗಳಿದರೂ ಅಷ್ಟೇ. ಕಂಡುಹಿಡಿಯಲು ಒಂದು ದಾರಿಯಿದೆ. ಬರೆದದ್ದನ್ನು ಸಿನಿಮಾ ನೋಡದ ಒಬ್ಬರಿಗೆ ಓದಿಸಿ, ಮುಂದೆ ಏನಾಗಬಹುದೆಂದು ಕೇಳಬೇಕು. ಅವರು ಸರಿಯಾಗಿ ಊಹಿಸಿದರೆ ಯಾವ ಪದದಿಂದ ಊಹಿಸಿದರು ಎಂದೂ ಕೇಳಬೇಕು. ಹೆಚ್ಚಿನ ಸಲ ಸಿಕ್ಕಿಬೀಳುವುದು ಒಂದು ವಿಶೇಷಣ, ‘ಪಾಪದ’ ತಮ್ಮಣ್ಣ ಎಂಬಂಥದ್ದು.

ಇನ್ನು ಪ್ರಾಮಾಣಿಕ ಅಭಿಪ್ರಾಯ. ಕಥೆ ಬಿಟ್ಟುಕೊಡದೆ ತಪ್ಪು ತೋರಿಸುವುದು ಹೇಗೆ, ಆಧಾರವನ್ನೇ ಮುಚ್ಚಿಟ್ಟರೆ ದೂರನ್ನು ನಂಬುವವರು ಯಾರು? ಆಧಾರವನ್ನು ಕಥೆಯ ಮುಂಭಾಗದಿಂದ ಆರಿಸಬೇಕು. ಚಿತ್ರದುದ್ದಕ್ಕೂ ಇರುವ ದೋಷ ಆರಂಭದಲ್ಲೂ ಇದ್ದೇ ಇರುತ್ತದೆ. ‘ತಿಥಿ’ಯ ಬಗ್ಗೆ ಈ ಲೇಖಕನಿಗಿರುವ ತಕರಾರನ್ನೇ ತೆಗೆದುಕೊಳ್ಳಬಹುದು. ಮೂರು ತಲೆಮಾರಿನ ಗಂಡಸರ ಒಳಗು ಚಿತ್ರಕ್ಕೆ ಗೊತ್ತು, ಕಾವೇರಿಯ ಒಳಗು ಅಷ್ಟಾಗಿ ಗೊತ್ತಿಲ್ಲ. ಇದನ್ನು ‘ಚಿತ್ರ ಸ್ತ್ರೀವಿರೋಧಿ’ ಎಂದು ಒಂದೇ ಪದದಲ್ಲಿ ಎಸೆದುಬಿಡಬಹುದು. ಆಗ ಓದುಗನಿಗೆ ಸಿಗುವುದು ತೀರ್ಪು ಮಾತ್ರ. ಹೀಗೂ ಬರೆಯಬಹುದು:

‘ಅಭಿ ಕಾವೇರಿಯನ್ನು ಹಿಂಬಾಲಿಸುವ ದೃಶ್ಯಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ಹುಡುಗನ ಜೊತೆಗಿದೆ. ಅವನ ಆಸೆ, ಹುಂಬತನ, ಬೇಜಾರು ನಮಗೆ ತಿಳಿಯುತ್ತವೆ. ಅವಳಿಗೆ ಇವನ ಬಗ್ಗೆ ಏನನ್ನಿಸುತ್ತಿದೆ ಎಂಬುದು ಕುರಿಗಳ ನಡುವೆ ಕಾಣುವ ಅವಳ ಮುಖದಿಂದ ನಾವೇ ಊಹಿಸಿಕೊಳ್ಳಬೇಕು. ಊರಿನ ಪ್ರತಿಯೊಬ್ಬ ಗಂಡಸಿಗೂ ಒಂದು ವಕ್ರತೆಯನ್ನು ಕೊಟ್ಟ ಬರವಣಿಗೆ ಈ ಹುಡುಗಿಗೆ ಜಿಪುಣವಾಯಿತು ಅನ್ನಿಸುತ್ತದೆ.’

ಇಲ್ಲಿ ಕಥೆ ಹೊರಬಿದ್ದಿಲ್ಲ. ಓದುಗ ಚಿತ್ರಮಂದಿರಕ್ಕೆ ಹೋಗಿ ಈ ಮಾತನ್ನು ಒಪ್ಪಬಹುದು, ತಳ್ಳಿಹಾಕಲೂಬಹುದು. ಅಳೆದು ನೋಡುವ ಕೋಲು ಅವನ ಕೈಯಲ್ಲೇ ಇದೆ. ‘ಅನ್ನಿಸುತ್ತದೆ’ ಎಂಬ ಕ್ರಿಯಾಪದವನ್ನು ಕೆಲವರು ಹೇಡಿತನವೆನ್ನುತ್ತಾರೆ. ಅದು ಹೇಡಿತನವಾಗುವುದು ಹಿಂದೆ ಆಧಾರವಿಲ್ಲದಾಗ.

ದೋಷ ಕೊನೆಯಲ್ಲೇ ಇದ್ದರೆ ಕೈ ಕಟ್ಟಿದಂತಾಗುವುದು ನಿಜ. ಆಗ ಘಟನೆಯನ್ನು ಬಿಟ್ಟು ದೋಷದ ಜಾತಿಯನ್ನು ಹೇಳಬೇಕಾಗುತ್ತದೆ: ಗಡಿಬಿಡಿಯಾಯಿತು, ಕಾಕತಾಳೀಯ ಹೆಚ್ಚಾಯಿತು, ಪಾತ್ರ ತನ್ನ ಸ್ವಭಾವ ಬಿಟ್ಟು ನಡೆಯಿತು. ಅಷ್ಟರಲ್ಲೇ ತೃಪ್ತಿಪಟ್ಟುಕೊಳ್ಳಬೇಕು. ಪುಸ್ತಕ ವಿಮರ್ಶೆಗೆ ಅಮೆರಿಕದ ಕಾದಂಬರಿಕಾರ ಜಾನ್ ಅಪ್‌ಡೈಕ್ 1975ರಲ್ಲಿ ಕೆಲವು ನಿಯಮಗಳನ್ನು ಬರೆದಿಟ್ಟ. ಕೊನೆಯನ್ನು ಬಿಟ್ಟುಕೊಡಬೇಡಿ ಎಂಬುದು ಅವುಗಳಲ್ಲಿತ್ತು. ಲೇಖಕ ಮಾಡಹೊರಡದೇ ಇದ್ದದ್ದನ್ನು ಮಾಡಲಿಲ್ಲವೆಂದು ದೂರಬೇಡಿ ಎಂಬುದೂ ಇತ್ತು. ‘ತಿಥಿ’ಯಲ್ಲಿ ಹಿನ್ನೆಲೆ ಸಂಗೀತವಿಲ್ಲ. ‘ಸಂಗೀತ ಸೊರಗಿದೆ’ ಎಂದು ಅದಕ್ಕೆ ಅಂಕ ಕಳೆಯುವವನನ್ನು ಈ ಎರಡನೇ ನಿಯಮ ತಡೆಯುತ್ತದೆ. ಸಂಗೀತವಿಲ್ಲದ್ದರಿಂದ ಊರಿನ ಸದ್ದು ಏನು ಕೆಲಸ ಮಾಡಿತು ಎಂದು ಅವನು ಕೇಳಿಕೊಳ್ಳಬಹುದು.

ಪ್ರಾಮಾಣಿಕತೆಯಲ್ಲಿ ಇನ್ನೊಂದು ಸಾದಾ ಸಂಗತಿಯೂ ಸೇರುತ್ತದೆ. ಮಂಡ್ಯದ ಬೈಗುಳಗಳು ಈ ಚಿತ್ರದಲ್ಲಿ ಯಥೇಚ್ಛವಾಗಿವೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿರುವವರಿಗೆ ಅದನ್ನು ತಿಳಿಸಿದರೆ ಯಾವ ಗುಟ್ಟೂ ಒಡೆಯುವುದಿಲ್ಲ, ತಿಳಿಸದಿದ್ದರೆ ಟಿಕೆಟ್ ಕೊಂಡವರ ಬೈಗುಳ ವಿಮರ್ಶಕನಿಗೆ ಸಿಗುತ್ತದೆ.

ಮಾಡಿದವರಿಗೆ ಗೌರವ ಕೊಡುವುದೆಂದರೆ ಮೆತ್ತಗೆ ಬರೆಯುವುದು ಎಂಬ ತಪ್ಪು ತಿಳಿವಳಿಕೆ ಇದೆ. ‘ತಿಥಿ’ಯ ಪಾತ್ರಧಾರಿಗಳು ಮಂಡ್ಯ ಜಿಲ್ಲೆಯ ಹಳ್ಳಿಯವರು, ವೃತ್ತಿನಟರಲ್ಲ. ಗಡ್ಡಪ್ಪನಾದವರು ಚನ್ನೇಗೌಡ, ಸೆಂಚುರಿ ಗೌಡನಾದವರು ಸಿಂಗ್ರಿಗೌಡ. ಅವರನ್ನು ಹೊಗಳುವ ಭರದಲ್ಲಿ ಸುಲಭವಾಗಿ ಬಾಯಿಗೆ ಬರುವ ಮಾತು, ‘ಇವರು ನಟಿಸಿಲ್ಲ, ಬದುಕಿದ್ದಾರೆ’ ಎಂಬುದು. ಕೇಳಲು ಇಂಪು, ಒಳಗೆ ಅವಮಾನ. ಗಡ್ಡಪ್ಪ ಮಗನ ಮಾತು ಕೇಳಿಯೂ ಕೇಳದಂತೆ ತಡೆದು, ಸರಿಯಾದ ಕ್ಷಣಕ್ಕೆ ಒಂದೇ ಪದದ ಉತ್ತರ ಕೊಡುವಲ್ಲಿ ಹಾಸ್ಯದ ಕಾಲಪ್ರಜ್ಞೆ ಇದೆ. ಅದು ಹಳ್ಳಿಯಲ್ಲಿ ಹುಟ್ಟಿದ್ದಕ್ಕೆ ತಾನಾಗಿ ಬರುವುದಲ್ಲ, ಕ್ಯಾಮೆರಾದ ಮುಂದೆ ಮಾಡಿದ ಕೆಲಸ. ‘ಮುಗ್ಧರು’ ಎಂದು ಕೆನ್ನೆ ಸವರುವ ಬದಲು ಆ ಕೆಲಸವನ್ನು ಕೆಲಸವೆಂದು ವಿವರಿಸಬೇಕು, ಎಲ್ಲಾದರೂ ಜಾರಿದ್ದರೆ ಅದನ್ನೂ ಹೇಳಬೇಕು. ಮುಂದೆ ಇವರು ‘ತರ್ಲೆ ವಿಲೇಜ್’ನಂಥ ಚಿತ್ರಗಳಲ್ಲೂ ಬಂದರು. ‘ಬದುಕಿದ್ದಾರೆ’ ಎಂದವರಿಗೆ ಆಗ ಹೇಳಲು ಮಾತು ಉಳಿಯಲಿಲ್ಲ.

ಚಿಕ್ಕ ಚಿತ್ರವೆಂದು ಕೊಡುವ ಕನಿಕರದ ಅಂಕವೂ ಇದೇ ಬಗೆಯದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು ಬಂದ ಸಿನಿಮಾಕ್ಕೆ ಅದರ ಅಗತ್ಯವೂ ಇರಲಿಲ್ಲ. ಬೇಕಾಗಿದ್ದದ್ದು ಹೆಸರುಗಳು. ನಿರ್ದೇಶಕರ ಹೆಸರು ಎಲ್ಲರೂ ಬರೆಯುತ್ತಾರೆ. ಆದರೆ ಚಿತ್ರದ ಊರಿನ ಮಾತು, ಜಗಳ, ಜಮೀನಿನ ಲೆಕ್ಕಾಚಾರ ಬಂದದ್ದು ಆ ಊರಾದ ನೊದೆಕೊಪ್ಪಲಿನವರೇ ಆದ ಬರಹಗಾರ ಈರೇಗೌಡರಿಂದ. ಸಂಭಾಷಣೆಯನ್ನು ಕೊಂಡಾಡಿ ಅದನ್ನು ಬರೆದವರ ಹೆಸರು ಬಿಡುವ ವಿಮರ್ಶೆ ಎಷ್ಟೇ ಸೌಜನ್ಯದ್ದಾದರೂ ಅಗೌರವದ್ದೇ.

ಪುಸ್ತಕಕ್ಕೆ ಬಂದರೆ ಗೆರೆ ಇನ್ನಷ್ಟು ನವಿರಾಗುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಕುಟುಂಬವಿದೆ, ಕಾಫಿ ಹೌಸಿನಲ್ಲಿ ಕೂತು ಕಥೆ ಹೇಳುವ ಹೆಸರಿಲ್ಲದ ನಿರೂಪಕನಿದ್ದಾನೆ, ವಿನ್ಸೆಂಟ್ ಎಂಬ ಮಾಣಿಯಿದ್ದಾನೆ. ಇಷ್ಟನ್ನೂ ಹೇಳಬಹುದು. ಆದರೆ ಈ ಕಿರುಕಾದಂಬರಿಯ ಕೊನೆಯಲ್ಲಿ ಬಚ್ಚಿಡಬೇಕಾದದ್ದು ಒಂದು ಘಟನೆಯಲ್ಲ, ಓದುಗನಿಗೆ ಉಳಿಯುವ ಅನುಮಾನ. ವಿಮರ್ಶಕ ಏನಾಯಿತೆಂದು ಹೇಳದೆ, ‘ಏನಾಗಿರಬೇಕು’ ಎಂದು ತನ್ನ ವ್ಯಾಖ್ಯಾನ ಬರೆದರೂ ಸಾಕು, ಓದುಗನ ಪಾಲಿನ ಕೆಲಸ ಮುಗಿದುಹೋಯಿತು. ವ್ಯಾಖ್ಯಾನ ಬೇಡವೆಂದಲ್ಲ. ಅದಕ್ಕೆ ಜಾಗ ಬೇರೆ: ಪುಸ್ತಕ ಓದಿದವರಿಗಾಗಿ ಬರೆದ ಲೇಖನ, ಓದಿದವರಿಗಾಗಿ ಎಂಬುದು ಮೊದಲ ಸಾಲಿನಲ್ಲೇ ಇರಬೇಕು, ಮೂರನೇ ಪುಟದಲ್ಲಲ್ಲ. ಹೊಸ ಪುಸ್ತಕ ಪರಿಚಯಿಸುವ ಬರಹದಲ್ಲಾದರೆ ಮಸಾಲೆಯ ಹಣ ಮನೆಯೊಳಗೆ ಬಂದ ಮೇಲೆ ಅಡುಗೆಮನೆಯ ಮಾತಿನ ಧಾಟಿ ಹೇಗೆ ಬದಲಾಯಿತು ಎಂಬುದರ ಬಗ್ಗೆಯೇ ಎರಡು ಪುಟ ಬರೆಯಲು ಸಾಮಗ್ರಿಯಿದೆ. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವನ್ನು ಓದಿ ಬರೆಯುವವರು ಆ ಧಾಟಿಯನ್ನು ಮೆಚ್ಚಿದರೆ, ಮೆಚ್ಚುಗೆಯ ಒಂದು ಪಾಲು ಅನುವಾದಕರ ಹೆಸರಿಗೂ ಬರೆಯಬೇಕಾಗುತ್ತದೆ.